ನಾನೂರು ಒಬ್ಬಟ್ಟು, ಆರು ನಿಮಿಷ

"ನಿಮ್ಮ ಬಗ್ಗೆ ನಾಲ್ಕು ಮಾತು ಹೇಳಿ" ಅಂತ ಯಾರಾದರೂ ಮೈಕು ಕೈಗಿಟ್ಟ ಕ್ಷಣ ನಿಮಗೂ ತಲೆಯೊಳಗೆ ಕರೆಂಟು ಹೋದದ್ದುಂಟಲ್ಲ? ಪಕ್ಕದ ಮನೆಯವರ ಬಗ್ಗೆ, ಭಾವಮೈದುನನ ಸೈಟಿನ ವ್ಯಾಜ್ಯದ ಬಗ್ಗೆ, ಊರಿನ ಕೆರೆ ಒತ್ತುವರಿಯ ಬಗ್ಗೆ ಅರ್ಧರಾತ್ರಿಯವರೆಗೂ ಮಾತಾಡಬಲ್ಲ ನಾವು, ನಮ್ಮ ಬಗ್ಗೆ ಅಂದ ಕೂಡಲೇ ಹೆಸರು, ಊರು, ನೌಕರಿ ಹೇಳಿ "ಅಷ್ಟೇ ಸಾರ್, ಧನ್ಯವಾದ" ಅಂತ ಕುರ್ಚಿ ಹುಡುಕುತ್ತೇವೆ. ಬನ್ನಿ, ಪಕ್ಕದಲ್ಲೇ ಕೂತುಕೊಳ್ಳಿ. ನಾವಿಬ್ಬರೂ ಒಂದೇ ಪಂಕ್ತಿಯವರು.

ನನ್ನ ಕಥೆ ಶುರುವಾದದ್ದು ಟೋಸ್ಟ್‌ಮಾಸ್ಟರ್ಸ್ ಎಂಬ ಭಾಷಣದ ಕ್ಲಬ್ಬಿಗೆ ಸೇರಿದಾಗ. 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂತಾ ಆನಾ ಊರಿನ ವೈಎಂಸಿಎ ಕಟ್ಟಡದ ನೆಲಮಾಳಿಗೆಯಲ್ಲಿ ರಾಲ್ಫ್ ಸ್ಮೆಡ್ಲಿ ಎಂಬುವರು ಇದನ್ನು ಶುರುಮಾಡಿದರಂತೆ. ನಾಲ್ಕು ಜನರ ಎದುರು ನಿಂತು ಮಾತಾಡಲು ತಡವರಿಸುವವರು ಒಬ್ಬರ ಮುಂದೊಬ್ಬರು ಮಾತಾಡಿ ಕಲಿಯಲಿ ಎಂಬುದು ಅವರ ಆಸೆ. ನೂರು ವರ್ಷ ಆದಮೇಲೆ ಬೆಂಗಳೂರಿನ ಸಹಕಾರಿ ಸಂಘವೊಂದರ ಲೆಕ್ಕಪತ್ರದ ಗುಮಾಸ್ತನೊಬ್ಬ ಇದೇ ಹಾದಿಯಲ್ಲಿ ಬರುತ್ತಾನೆ ಅಂತ ಮುಂಚೆಯೇ ಗೊತ್ತಿದ್ದಿದ್ದರೆ ಆ ಪುಣ್ಯಾತ್ಮರು ನೆಲಮಾಳಿಗೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದರು.

ಇಲ್ಲಿ ಹೊಸಬರ ಮೊದಲ ಭಾಷಣಕ್ಕೆ ಐಸ್ ಬ್ರೇಕರ್ ಅಂತ ಹೆಸರು. ವಿಷಯ: ನೀವೇ. ಸಮಯ: ನಾಲ್ಕರಿಂದ ಆರು ನಿಮಿಷ. ಸಭೆಯ ಹಿಂದೆ ಟೈಮರ್ ಅಂತ ಒಬ್ಬರು ಕೂತಿರುತ್ತಾರೆ. ನಾಲ್ಕು ನಿಮಿಷಕ್ಕೆ ಹಸಿರು, ಐದಕ್ಕೆ ಹಳದಿ, ಆರಕ್ಕೆ ಕೆಂಪು ತೋರಿಸುತ್ತಾರೆ. ಆರೂವರೆ ದಾಟಿದರೆ ಆ ದಿನದ ಉತ್ತಮ ಭಾಷಣಕಾರರ ಓಟಿಗೆ ನಿಮ್ಮ ಹೆಸರಿಲ್ಲ. ಮೂರೂವರೆಗಿಂತ ಮೊದಲೇ ಮುಗಿಸಿದರೂ ಇಲ್ಲ. ಇನ್ನೊಂದು ಮೂಲೆಯಲ್ಲಿ ಆ-ಕೌಂಟರ್. ನೀವು ಎಷ್ಟು ಸಲ "ಆ", "ಅಂದ್ರೆ", "ಮತ್ತೆ" ಅಂತ ಎಳೆದಿರಿ ಎಂದು ಗೀಟು ಹಾಕಿಕೊಳ್ಳುವುದು ಇವರ ಕೆಲಸ. ಇಷ್ಟೂ ವ್ಯವಸ್ಥೆ ನನಗೋಸ್ಕರ ಎಂದು ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೊದಲ ಕರಡು ಬರೆದೆ. ಬರೆದೆ ಅನ್ನುವುದಕ್ಕಿಂತ ಭರ್ತಿ ಮಾಡಿದೆ ಅನ್ನಬೇಕು. ಹುಟ್ಟಿದ್ದು ತಿಪಟೂರು ತಾಲೂಕಿನ ಹಳ್ಳಿ. ತಂದೆಯವರ ಹೆಸರು, ತಾತನವರ ಹೆಸರು, ಅವರು ಮಾಡಿಸಿದ ಬಾವಿ, ಆ ಬಾವಿಯ ನೀರಿನ ರುಚಿ. ಶಾಲೆಗೆ ಸೇರಿಸಿದ ಮೇಷ್ಟ್ರು ಜನ್ಮದಿನಾಂಕವನ್ನು ಅಂದಾಜಿನ ಮೇಲೆ ಬರೆದದ್ದು. ಅಂದಾಜು ಯಾಕೆ ತಪ್ಪಾಯಿತು ಎಂಬುದರ ಬಗ್ಗೆ ಒಂದು ಪ್ಯಾರಾ. ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು, ಫೋನಿನಲ್ಲಿ ಸಮಯ ಇಟ್ಟು ಓದತೊಡಗಿದೆ. ಹಸಿರು ದೀಪ ಹತ್ತಬೇಕಾದ ಹೊತ್ತಿಗೆ ನಾನಿನ್ನೂ ಮೂರನೇ ಕ್ಲಾಸಿನಲ್ಲಿದ್ದೆ. ಕೆಂಪು ಹತ್ತುವಾಗ ಐದಕ್ಕೆ ಪಾಸಾಗಿದ್ದೆ. ಇದೇ ವೇಗದಲ್ಲಿ ಹೋದರೆ ನೌಕರಿ ಸಿಗುವ ಹೊತ್ತಿಗೆ ಕ್ಲಬ್ಬಿನವರೆಲ್ಲ ನಿವೃತ್ತರಾಗಿರುತ್ತಿದ್ದರು. ತಲೆಯೆತ್ತಿ ನೋಡಿದರೆ ಹೆಂಡತಿ ಅವರೆಕಾಯಿ ಸುಲಿದು ಮುಗಿಸಿ ಎದ್ದು ಹೋಗಿದ್ದಳು. ಖಾಲಿ ಕುರ್ಚಿಗೆ ನನ್ನ ಮುತ್ತಾತನ ಪರಿಚಯವಾಗಿತ್ತು.

ಕ್ಲಬ್ಬಿನಲ್ಲಿ ಹೊಸಬರಿಗೆಲ್ಲ ಒಬ್ಬ ಮೆಂಟರ್ ಕೊಡುತ್ತಾರೆ. ನನ್ನ ಪಾಲಿಗೆ ಬಂದವರು ನಿವೃತ್ತ ಹೈಸ್ಕೂಲು ಮೇಡಂ. ಕರಡನ್ನು ಪೂರ್ತಿ ಓದಿದರು. ಅವರ ತಾಳ್ಮೆಗೆ ಸರ್ಕಾರ ಪ್ರಶಸ್ತಿ ಕೊಡಬೇಕು. ಕನ್ನಡಕ ತೆಗೆದು ಟೇಬಲ್ ಮೇಲಿಟ್ಟು, "ನೋಡಪ್ಪಾ, ಇದರಲ್ಲಿ ನೀನು ಎಲ್ಲೂ ಸಿಕ್ಕಿಹಾಕಿಕೊಳ್ಳೋದೇ ಇಲ್ವಲ್ಲ. ಹುಟ್ಟಿದೆ, ಓದಿದೆ, ಸೇರಿದೆ, ಮದುವೆಯಾದೆ. ಕೇಳೋರಿಗೆ ಮುಂದೇನಾಗುತ್ತೋ ಅನ್ನಿಸೋ ಒಂದು ಜಾಗಾನೂ ಇಲ್ಲ. ನಿನಗೆ ಬಿಡದೇ ಕಾಡಿದ ಒಂದು ಸಮಸ್ಯೆ ಹಿಡ್ಕೋ. ಅದು ತಿರುಗಿದ ಒಂದು ಘಳಿಗೆ ಹಿಡ್ಕೋ. ಅದರಿಂದ ಏನು ಕಲಿತೆ ಹೇಳು. ಹೆಸರು, ಊರು, ನೌಕರಿ ಎಲ್ಲ ಆ ಕಥೆಯ ಹಿಂದೆ ತಾವಾಗೇ ನಡ್ಕೊಂಡು ಬರ್ತವೆ" ಅಂದರು.

ಸಮಸ್ಯೆ! ನನಗೆ ಎಷ್ಟು ಬೇಕೋ ಅಷ್ಟಿದ್ದವು: ಮನೆ ಸಾಲ, ಮಂಡಿ ನೋವು, ಮಗನ ಗಣಿತ. ಆದರೆ ವೇದಿಕೆಗೆ ಇವು ಸಾಲದು, ಕೇಳಿದವರು ಕರ್ಚೀಫು ತೆಗೆಯುವಂಥದ್ದು ಬೇಕು ಎಂದು ನನ್ನ ಬುದ್ಧಿಗೆ ಹೊಳೆಯಿತು. ಕೂತು ಎರಡನೇ ಕರಡು ಬರೆದೆ. ಅದರಲ್ಲಿ ನಾನು ಬಡತನದ ಬೇಗೆಯಲ್ಲಿ ಬೆಂದು, ಬೀದಿ ದೀಪದ ಕೆಳಗೆ ಓದಿ, ಹರಿದ ಚಪ್ಪಲಿಯಲ್ಲಿ ಮೈಲಿಗಟ್ಟಲೆ ನಡೆದು ಶಾಲೆಗೆ ಹೋಗಿದ್ದೆ. ನನ್ನ ಬರಹಕ್ಕೆ ನನ್ನದೇ ಕಣ್ಣು ತುಂಬಿತು. ಧ್ವನಿ ನಡುಗಿಸಿ ಹಾಲ್‌ನಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಊರಿಂದ ಬಂದಿದ್ದ ಅಮ್ಮ ಅಡುಗೆಮನೆಯಿಂದ ಹೊರಬಂದಳು. "ಬೀದಿ ದೀಪ ಎಲ್ಲಿತ್ತೋ ನಮ್ಮೂರಲ್ಲಿ? ಮನೇಲಿ ಎರಡು ಟ್ಯೂಬ್‌ಲೈಟಿದ್ವು, ಅದರ ಕೆಳಗೇ ಕೂತು ನಿದ್ದೆ ಮಾಡ್ತಿದ್ದೆ. ಶಾಲೆ ಮನೆ ಹಿಂದುಗಡೇನೇ ಇತ್ತು, ಆದ್ರೂ ದಿನಾ ಬೆಲ್ಲು ಹೊಡೆದ ಮೇಲೇ ಹೋಗ್ತಿದ್ದೆ." ಅಷ್ಟಕ್ಕೇ ಬಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಅಕ್ಕನಿಗೆ ಫೋನು ಮಾಡಿದಳು, ಅಕ್ಕ ಚಿಕ್ಕಪ್ಪನಿಗೆ ಮಾಡಿದಳು, ಸಂಜೆಯೊಳಗೆ ಇಡೀ ನೆಂಟರ ಬಳಗ "ಏನಪ್ಪಾ, ಚಪ್ಪಲಿಗೆ ದುಡ್ಡು ಕಳಿಸೋಣ್ವಾ?" ಅಂತ ವಿಚಾರಿಸಿಕೊಂಡಿತು.

ಮೇಡಂ ಎರಡನೇ ಕರಡನ್ನು ಓದಿದ್ದು ಕ್ಲಬ್ಬಿನ ಕೆಳಗಿನ ಹೋಟೆಲಿನಲ್ಲಿ, ಕಾಫಿ ಕುಡಿಯುತ್ತ. "ಇದು ದೊಡ್ಡ ಕಷ್ಟ ನಿಜ, ಆದರೆ ಯಾರದ್ದೋ. ನಿನ್ನದೇ ಆದ ಚಿಕ್ಕ ಕಷ್ಟ ತಗೊಂಡು ಬಾ. ನೀನು ಏನೋ ಬಯಸ್ತಿರಬೇಕು, ನಿನ್ನದೇ ಒಂದು ಚಾಳಿ ಅದಕ್ಕೆ ಅಡ್ಡ ಬರ್ತಿರಬೇಕು. ಅದರಿಂದ ನಿನಗೆ ನಿಜವಾಗ್ಲೂ ನಷ್ಟ ಆಗಿರಬೇಕು. ಅಷ್ಟಿದ್ರೆ ಸಾಕು" ಅಂದರು. ಆಮೇಲೆ ಇನ್ನೂ ಏನೋ ಹೇಳಿದರು. ಆ ಹೊತ್ತಿಗೆ ಸರಿಯಾಗಿ ಬಿಎಂಟಿಸಿ ಬಸ್ಸೊಂದು ಬಾಗಿಲ ಮುಂದೆ ಗಕ್ಕನೆ ನಿಂತು ಗುಡುಗಿತು. ನಾನು ನಗುತ್ತಾ "ಹೂಂ ಮೇಡಂ, ಖಂಡಿತ" ಅಂದೆ.

ಮೇಡಂ ನನ್ನನ್ನೇ ನೋಡುತ್ತ ಕೂತರು. "ಖಂಡಿತ ಅಂದ್ಯಾ? ನಾನೇನು ಕೇಳಿದೆ ಹೇಳು?"

ನಾನು ಮತ್ತೆ ನಕ್ಕೆ.

"ಮುಂದಿನ ಮೀಟಿಂಗಿಗೆ ಆನೆ ಮೇಲೆ ಕೂತು ಬರ್ತೀಯಾ ಅಂತ ಕೇಳಿದೆ."

ಅಲ್ಲಿಗೆ ಬಚ್ಚಿಡಲು ಏನೂ ಉಳಿಯಲಿಲ್ಲ. ಕೇಳಿಸದಿದ್ದರೂ, ಅರ್ಥವಾಗದಿದ್ದರೂ ಹೂಂ ಅನ್ನುವುದು ನನ್ನ ಹುಟ್ಟುಗುಣ. ನಿಮಗೂ ಇದೆ ತಾನೇ? ಒಂದು ಸಲ "ಏನಂದ್ರಿ?" ಅನ್ನಬಹುದು. ಎರಡನೇ ಸಲ ಕೇಳುವಾಗಲೇ ಮುಖ ಬಿಸಿಯಾಗುತ್ತದೆ. ಮೂರನೇ ಸಲ ಕೇಳುವುದಕ್ಕಿಂತ ಆಸ್ತಿ ಬರೆದುಕೊಡುವುದು ಮೇಲು ಅನ್ನಿಸಿ ಹೂಂ ಅಂದುಬಿಡುತ್ತೇವೆ. ಹೀಗೆ ಹೂಂ ಅಂದೇ ನಾನು ನಮ್ಮ ಅಪಾರ್ಟ್‌ಮೆಂಟ್ ಸಂಘದ ಖಜಾಂಚಿಯಾದದ್ದು. ಹೂಂ ಅಂದೇ ಕ್ಷೌರದ ಅಂಗಡಿಯವನ ಕೈಯಲ್ಲಿ ಮೀಸೆ ಬೋಳಿಸಿಕೊಂಡು ಬಂದದ್ದು; ಆ ರಾತ್ರಿ ಮಗ ಬಾಗಿಲು ತೆರೆಯದೆ "ಅಪ್ಪ ಮನೇಲಿಲ್ಲ ಅಂಕಲ್" ಅಂದಿದ್ದ. ಈ ಭಾಷಣದ ಕ್ಲಬ್ಬಿಗೆ ಸೇರಿದ್ದೂ ಆಫೀಸಿನ ಗೆಳೆಯರೊಬ್ಬರು ಲಿಫ್ಟಿನ ಸದ್ದಿನಲ್ಲಿ ಏನೋ ಕೇಳಿದಾಗ ಹೂಂ ಅಂದು. ನಾನು ಅದನ್ನು ಯೋಗ ಶಿಬಿರ ಅಂದುಕೊಂಡಿದ್ದೆ. ಮೊದಲ ದಿನ ಚಾಪೆ ತೆಗೆದುಕೊಂಡು ಹೋಗಿದ್ದೆ.

ಮೇಡಂ ಕಾಫಿ ಲೋಟ ಕೆಳಗಿಟ್ಟು, "ಇದೇ ನಿನ್ನ ಸಮಸ್ಯೆ, ಬರಕೋ" ಅಂದರು. ನಾನು ಹೂಂ ಅಂದೆ. "ನಿಜವಾಗ್ಲೂ ಕೇಳಿಸ್ತಾ?" ಅಂದರು.

ಮೂರನೇ ಕರಡಿನಲ್ಲಿ ಉತ್ಸಾಹ ಜಾಸ್ತಿಯಾಗಿ ಹೂಂ ಅಂದ ಪ್ರಸಂಗಗಳನ್ನೆಲ್ಲ ತುಂಬಿದೆ. ಖಜಾಂಚಿ, ಮೀಸೆ, ಚಾಪೆ, ಬೇಡದ ಇನ್ಶೂರೆನ್ಸ್ ಪಾಲಿಸಿ, ಹೋಗಬಾರದ ಕಡೆ ಹೋದ ಬಸ್ಸು, ತಂಗಿಯ ಮಗುವಿನ ನಾಮಕರಣ. ಮೇಡಂ ಕೆಂಪು ಪೆನ್ನಿನಲ್ಲಿ ಒಂದೊಂದಾಗಿ ಹೊಡೆದುಹಾಕಿದರು. ಆರು ಪ್ರಸಂಗ ಹೇಳಿದರೆ ಒಂದೊಂದಕ್ಕೆ ಒಂದು ನಿಮಿಷವೂ ಸಿಗುವುದಿಲ್ಲ, ಯಾವುದೂ ಕಣ್ಣಿಗೆ ಕಟ್ಟುವುದಿಲ್ಲ. ಎಲ್ಲಿ ನಷ್ಟ ದೊಡ್ಡದೋ, ಎಲ್ಲಿ ಕೊನೆಗೆ ನೀನು ಬೇರೆ ಥರ ನಡೆದುಕೊಂಡೆಯೋ ಆ ಒಂದನ್ನೇ ಇಟ್ಟುಕೋ ಅಂದರು. ಹಾಗೆ ಉಳಿದದ್ದು ನಾಮಕರಣ ಒಂದೇ.

ನಾಮಕರಣ ತಿಪಟೂರಿನ ಮನೆಯಲ್ಲಿ. ಲೆಕ್ಕಪತ್ರದವನಲ್ಲವೇ ಅಂತ ಅಡುಗೆಯ ಉಸ್ತುವಾರಿ ನನಗೆ ಕೊಟ್ಟಿದ್ದರು. ನೂರು ಜನ, ಎಲೆಗೊಂದು ಕಾಯಿ ಒಬ್ಬಟ್ಟು, ಕೈಮೇಲೆ ಇರಲಿ ಅಂತ ಇಪ್ಪತ್ತು ಹೆಚ್ಚು. ಒಟ್ಟು ನೂರ ಇಪ್ಪತ್ತು ಅಂತ ನನ್ನ ಪುಸ್ತಕದಲ್ಲಿ ಚೆಂದವಾಗಿ ಬರೆದಿತ್ತು. ಹಿಂದಿನ ಸಂಜೆ ಕರೆಂಟು ಹೋಯಿತು. ಹಿತ್ತಲಿನಲ್ಲಿ ಒಲೆಯ ಪಕ್ಕದಲ್ಲೇ ಜನರೇಟರ್ ಶುರುಮಾಡಿದರು. ಆ ಸದ್ದಿನ ನಡುವೆ ಅಡುಗೆ ಭಟ್ಟರು ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದು ಕೂಗಿದರು: "ಬೇಳೆ ಒಬ್ಬಟ್ಟಾ, ಕಾಯಿ ಒಬ್ಬಟ್ಟಾ?"

ನಾನು ಹೂಂ ಅಂದೆ.

ಪಾಪ, ಭಟ್ಟರು ಜವಾಬ್ದಾರಿಯುಳ್ಳ ಮನುಷ್ಯರು. "ಎರಡೂನಾ?" ಅಂತ ಖಚಿತಪಡಿಸಿಕೊಂಡರು. ಹೂಂ. "ಎಲೆಗೆ ಎರಡೆರಡು ಹಾಕ್ಸೋಣ್ವಾ?" ಹೂಂ. ಬೆಳಿಗ್ಗೆ ಎದ್ದು ಬಂದು ನೋಡಿದರೆ ಹಿತ್ತಲಿನಲ್ಲಿ ಬಾಳೆಲೆ ಹಾಸಿ ನಾನೂರು ಒಬ್ಬಟ್ಟು ಆರಲು ಹಾಕಿದ್ದರು. ಇನ್ನೂರು ಬೇಳೆಯದು, ಇನ್ನೂರು ಕಾಯಿಯದು. ಅಂಗಳಕ್ಕೆ ದಾರಿಯಿರಲಿಲ್ಲ. ಹಲ್ಲುಜ್ಜಲು ಹೋಗಬೇಕಾದವರು ಒಬ್ಬಟ್ಟು ದಾಟಿಕೊಂಡು ಹೋಗಬೇಕಿತ್ತು.

ಇಷ್ಟು ಬರೆದು ಸಮಸ್ಯೆಯ ಭಾಗ ಗೆದ್ದೆ ಅಂತ ಬೀಗುತ್ತಿರುವಾಗಲೇ ತಿರುವಿನ ಹತ್ತಿರ ಜಾರಿಬಿದ್ದೆ. "ಅಂದು ನನಗೆ ಜ್ಞಾನೋದಯವಾಯಿತು" ಎಂದು ಬರೆದಿದ್ದೆ. ಮೇಡಂ ಅಲ್ಲೊಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಹಾಕಿ, "ಜ್ಞಾನೋದಯ ಆಗಿದ್ದನ್ನ ಪಕ್ಕದಲ್ಲಿ ನಿಂತಿದ್ದೋರು ನೋಡಬಹುದಿತ್ತಾ?" ಅಂತ ಕೇಳಿದರು. "ಇಲ್ಲ ಮೇಡಂ, ಒಳಗೊಳಗೇ ಆಯ್ತು." "ಹಾಗಾದ್ರೆ ಸಭಿಕರಿಗೂ ಕಾಣಲ್ಲ. ಆವತ್ತು ನಿನ್ನ ಕೈಯೋ ಬಾಯೋ ಹಿಂದೆ ಯಾವತ್ತೂ ಮಾಡದ್ದು ಏನನ್ನಾದರೂ ಮಾಡಿತಾ? ಎಲ್ಲಿ ನಿಂತಿದ್ದೆ? ಎದುರಿಗೆ ಯಾರಿದ್ದರು? ಅವರೇನಂದ್ರು?"

ಯೋಚಿಸಿದೆ. ಮಾಡಿತ್ತು. ಬಹಳ ನಾಚಿಕೆಗೇಡಿನ ರೀತಿಯಲ್ಲಿ ಮಾಡಿತ್ತು. ಅದಕ್ಕೇ ಅದನ್ನು ಜ್ಞಾನೋದಯ ಎಂಬ ಶಾಲಿನಲ್ಲಿ ಸುತ್ತಿ ಮುಚ್ಚಿಟ್ಟಿದ್ದೆ.

ಮಧ್ಯಾಹ್ನ ಕೊನೆಯ ಪಂಕ್ತಿ ಕೂತಿತ್ತು. ಅಷ್ಟು ಬಡಿಸಿದರೂ ಒಬ್ಬಟ್ಟು ಬೆಟ್ಟದಷ್ಟು ಉಳಿದಿತ್ತು, ತಂಗಿಯ ಯಜಮಾನರು ಖರ್ಚಿನ ಚೀಟಿ ಹಿಡಿದುಕೊಂಡು ನನ್ನನ್ನು ಹುಡುಕುತ್ತಿದ್ದರು. ನಾನು ಜನರೇಟರಿನ ಹಿಂದೆ ಅಡಗಿ ಕೂತಿದ್ದೆ. ಅಲ್ಲಿಗೂ ಬಂದ ಭಟ್ಟರು ಬಗ್ಗಿ ಏನೋ ಕೇಳಿದರು. ಬಾಯಲ್ಲಿ "ಹೂ" ಬಂದೇಬಿಟ್ಟಿತ್ತು, ಸೊನ್ನೆಯೊಂದು ಬಾಕಿಯಿತ್ತು. ಇನ್ನೊಂದು ಹೂಂ ಅಂದರೆ ಈ ಮನುಷ್ಯ ಸಂಜೆಗೆ ಇನ್ನೂ ಇನ್ನೂರು ತಟ್ಟಿಬಿಟ್ಟಾರು ಅಂತ ಎದೆ ಝಲ್ಲೆಂದಿತು. ಎದ್ದವನೇ ಜನರೇಟರಿನ ಸ್ವಿಚ್ಚು ಆರಿಸಿಬಿಟ್ಟೆ.

ಫ್ಯಾನು ನಿಂತಿತು. ಮೈಕಿನಲ್ಲಿ ಹಾಡುತ್ತಿದ್ದ ಅತ್ತೆಯವರ ದೇವರನಾಮ ಅರ್ಧಕ್ಕೆ ನಿಂತಿತು. ಪಂಕ್ತಿಯಲ್ಲಿ ಕೂತವರು ಕೈಯಲ್ಲಿ ತುತ್ತು ಹಿಡಿದುಕೊಂಡೇ ತಿರುಗಿದರು. ಆ ನಿಶ್ಶಬ್ದದಲ್ಲಿ ನಾನು ಶಾಮಿಯಾನದ ಕಂಬ ಅಲ್ಲಾಡುವಷ್ಟು ಜೋರಾಗಿ ಅರಚಿದೆ: "ಭಟ್ರೇ, ಕೇಳಿಸ್ಲಿಲ್ಲ! ಏನಂದ್ರಿ?"

ಭಟ್ಟರು ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದರು. "ಏನಿಲ್ಲ ಸ್ವಾಮೀ. ನಿಮ್ಮದು ಊಟ ಆಯ್ತಾ ಅಂದೆ."

ಆಗಿರಲಿಲ್ಲ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಹೂಂ ಅಂದಿದ್ದರೆ ನಾನೂರು ಒಬ್ಬಟ್ಟಿನ ನಡುವೆ ಉಪವಾಸ ಮಲಗುತ್ತಿದ್ದೆ.

ಮೇಡಂ ಇದನ್ನು ಕೇಳಿ ನಗುತ್ತ ಕಣ್ಣೊರೆಸಿಕೊಂಡರು. "ಇದನ್ನ ಇಟ್ಕೊಂಡು ಜ್ಞಾನೋದಯ ಅಂತ ಬರೆದಿದ್ಯಲ್ಲಪ್ಪಾ!" ಅಂದರು.

ಇನ್ನುಳಿದದ್ದು ಪಾಠ. ನಾನು ಬಸವಣ್ಣನವರ ಒಂದು ವಚನ, ಎರಡು ಗಾದೆ, ವಿವೇಕಾನಂದರ ಒಂದು ಮಾತು ಸೇರಿಸಿ, "ಆದ್ದರಿಂದ ಸ್ನೇಹಿತರೇ, ಸಂವಹನವೇ ಸಮಾಜದ ಸೇತುವೆ" ಅಂತ ಮುಗಿಸಿದ್ದೆ. ಬರೆಯುವಾಗ ಎದ್ದು ನಿಂತು ನನಗೆ ನಾನೇ ಚಪ್ಪಾಳೆ ತಟ್ಟಿಕೊಂಡಿದ್ದೆ. ಮೇಡಂ ಕೇಳಿದ್ದು ಒಂದೇ ಪ್ರಶ್ನೆ. "ಈ ಸೇತುವೆ ಸಾಲನ್ನ ತೆಗೆದುಕೊಂಡು ಹೋಗಿ ಬೇರೆಯವರ ಭಾಷಣದ ಕೊನೆಗೆ ಅಂಟಿಸಿದ್ರೆ ಅಂಟುತ್ತಾ?" ಅಂಟುತ್ತಿತ್ತು. ಯಾವ ಭಾಷಣಕ್ಕಾದರೂ ಅಂಟುತ್ತಿತ್ತು, ನಮ್ಮ ಸಂಘದ ವಾರ್ಷಿಕ ವರದಿಗೂ ಅಂಟುತ್ತಿತ್ತು. ಹಾಗಾದರೆ ಅದು ನಿನ್ನ ಪಾಠ ಅಲ್ಲ, ಕಥೆ ಎಷ್ಟು ಚಿಕ್ಕದೋ ಪಾಠವೂ ಅಷ್ಟೇ ಚಿಕ್ಕದಿರಲಿ, ಈಗ ನೀನು ಬೇರೆ ಏನು ಮಾಡ್ತೀಯ ಅಷ್ಟು ಹೇಳು ಅಂದರು. ವಚನ, ಗಾದೆ, ಸೇತುವೆ ಎಲ್ಲ ಹೋಗಿ ಒಂದೇ ಸಾಲು ಉಳಿಯಿತು: "ಈಗ ಕೇಳಿಸದಿದ್ದರೆ ಜನರೇಟರ್ ಆರಿಸಿ ಕೇಳುತ್ತೇನೆ."

ಸಮಯದ ಹಂಚಿಕೆಯನ್ನೂ ಅವರೇ ಮಾಡಿಕೊಟ್ಟರು. ಶುರುವಿಗೆ ಅರ್ಧ ನಿಮಿಷ. ನಮಸ್ಕಾರವಾದ ಕೂಡಲೇ "ನೂರು ಜನಕ್ಕೆ ನಾನೂರು ಒಬ್ಬಟ್ಟು ಮಾಡಿಸಿದವನು ನಾನು" ಎಂದು ನೇರ ಒಳಗೆ. ಸಮಸ್ಯೆಗೆ ಒಂದೂವರೆ, ತಿರುವಿಗೆ ಎರಡು, ಪಾಠಕ್ಕೆ ಅರ್ಧ. ಒಟ್ಟು ನಾಲ್ಕೂವರೆ. ಆರು ನಿಮಿಷ ಇದ್ದರೂ ಆರಕ್ಕೆ ಬರೆಯಬಾರದಂತೆ. ಜನ ನಕ್ಕರೆ ಆ ನಗುವೂ ನಿಮ್ಮ ಲೆಕ್ಕಕ್ಕೇ ಬರುತ್ತದೆ. ಪೂರ್ತಿ ಬಾಯಿಪಾಠ ಮಾಡಬೇಡ, ಮೊದಲ ಸಾಲು ಕೊನೆಯ ಸಾಲು ಮಾತ್ರ ಗಟ್ಟಿಮಾಡಿಕೋ, ನಡುವಿನದ್ದಕ್ಕೆ ಚೀಟಿಯಲ್ಲಿ ನಾಲ್ಕು ಪದ ಸಾಕು ಅಂದರು. ಬರೆದುಕೊಂಡೆ: ಕಾಯಿ, ಬೇಳೆ, ಜನರೇಟರ್, ಊಟ. ಚೀಟಿಯನ್ನು ಫ್ರಿಜ್ಜಿನ ಮೇಲಿಟ್ಟು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಹೆಂಡತಿ ಅಂಗಡಿಯಿಂದ ನಾಲ್ಕು ತೆಂಗಿನಕಾಯಿ, ಎರಡು ಕೆಜಿ ತೊಗರಿಬೇಳೆ ತಂದಿದ್ದಳು. "ಜನರೇಟರ್ ಎಷ್ಟು ದೊಡ್ಡದು ಬೇಕು ಅಂತ ಅಂಗಡಿಯವರು ಕೇಳ್ತಿದ್ರು" ಅಂದಳು.

ಚೀಟಿ ಅಂಗಡಿಯಲ್ಲೇ ಉಳಿದಿತ್ತು.

ಆ ಸಂಜೆ ಖಾಲಿ ಜೇಬಿನಲ್ಲಿ ವೇದಿಕೆ ಹತ್ತಿದೆ. ಮೊದಲ ಸಾಲು ಹೇಳಿದೆ. ನಂಬುತ್ತೀರೋ ಇಲ್ಲವೋ, ಸಭೆ ನಕ್ಕಿತು! ಅದು ನನ್ನ ಜೀವನದಲ್ಲೇ ಮೊದಲು. ಬೇರೆಯವರಾಗಿದ್ದರೆ ಮುಂದಿನ ಸಾಲಿಗೆ ಹೋಗುತ್ತಿದ್ದರು. ನಾನು ನಗುವಿನ ರುಚಿ ಹತ್ತಿ, ಮೇಡಂ ಹೊಡೆದುಹಾಕಿದ್ದ ಮೀಸೆ ಪ್ರಸಂಗವನ್ನು ಎತ್ತಿಕೊಂಡೆ. ಅದಕ್ಕೂ ನಕ್ಕರು. ಯೋಗದ ಚಾಪೆ ಹಾಸಿದೆ. ಖಜಾಂಚಿ ಹುದ್ದೆಗೂ ಏರಿದೆ. ನೂರು ಜನರ ನಾಮಕರಣಕ್ಕೆ ಕಾಲಿಡುವಾಗ ಸಭೆಯ ಹಿಂದೆ ಹಸಿರು ಕಾಣಿಸಿತು. ನಾಲ್ಕು ನಿಮಿಷ ಆಯಿತು ಎಂಬುದರ ಗುರುತು ಅದು. ನಾನೋ, ಚೆನ್ನಾಗಿ ಮಾತಾಡುತ್ತಿದ್ದೇನೆ ಅಂತ ಮೆಚ್ಚಿ ತೋರಿಸುತ್ತಿದ್ದಾರೆ ಅಂದುಕೊಂಡು ಟೈಮರ್ ಅವರಿಗೆ ಕೈಮುಗಿದೆ.

ಇಷ್ಟರ ನಡುವೆ ಆ-ಕೌಂಟರ್ ಅವರ ಪೆನ್ನು ಬಿಡುವಿಲ್ಲದೆ ಓಡುತ್ತಿತ್ತು. ಆಗ ಹೊಳೆಯಿತು. ನನ್ನ ಕಥೆಯ ನಾಯಕನ ಸಂಭಾಷಣೆ ಪೂರ್ತಿ "ಹೂಂ". ಭಟ್ಟರು ಕೇಳಿದರು, ಹೂಂ ಅಂದೆ, ಒಂದು ಗೀಟು. ಮತ್ತೆ ಕೇಳಿದರು, ಹೂಂ ಅಂದೆ, ಇನ್ನೊಂದು. ಅವರು ಅದನ್ನು ಕಥೆಗೆ ಸೇರಿಸುತ್ತಿದ್ದಾರೋ ನನ್ನ ಖಾತೆಗೆ ಬರೆಯುತ್ತಿದ್ದಾರೋ ತಿಳಿಯದೆ ನಾನು ಅಳುಕಿ, ಮೂರನೇ ಹೂಂ ಬರುವ ಕಡೆ ಮಾತು ಬಿಟ್ಟು ಬರೀ ತಲೆ ಅಲ್ಲಾಡಿಸಿದೆ. ಹಿಂದಿನ ಸಾಲಿನವರಿಗೆ ಅದು ಕಾಣಲಿಲ್ಲ. ಹೀಗಾಗಿ ಅರ್ಧ ಸಭೆಯ ಲೆಕ್ಕದಲ್ಲಿ ನಾನೂರು ಒಬ್ಬಟ್ಟು, ಇನ್ನರ್ಧದ ಲೆಕ್ಕದಲ್ಲಿ ಇನ್ನೂರೇ ಆಯಿತು.

ಅಷ್ಟರಲ್ಲಿ ಹಳದಿ. ಐದು ನಿಮಿಷ. ನಾನಿನ್ನೂ ಬೆಳಿಗ್ಗೆ ಹಿತ್ತಲಿನಲ್ಲಿ ನಿಂತು ಒಬ್ಬಟ್ಟು ನೋಡುತ್ತಿದ್ದೆ. ಎದೆ ಹೊಡೆದುಕೊಳ್ಳತೊಡಗಿತು. ಬಾಯಿಪಾಠ ಇದ್ದದ್ದು ಕೊನೆಯ ಸಾಲು ಒಂದೇ. ಕಷ್ಟಕಾಲಕ್ಕೆ ಅದೇ ಬಾಯಿಗೆ ಬಂತು. ಒಬ್ಬಟ್ಟಿನ ರಾಶಿಯಿಂದ ಒಂದೇ ನೆಗೆತಕ್ಕೆ ಪಾಠಕ್ಕೆ ಹಾರಿದೆ: "ಈಗ ಕೇಳಿಸದಿದ್ದರೆ ಜನರೇಟರ್ ಆರಿಸಿ ಕೇಳುತ್ತೇನೆ!"

ಸಭೆ ಮೌನ. ಯಾವ ಜನರೇಟರ್? ಯಾಕೆ ಆರಿಸಬೇಕು? ತಿರುವು ಇಲ್ಲದ ಪಾಠ ಅಂದರೆ ಏನು ಅಂತ ಮೇಡಂ ಎಷ್ಟು ಸಲ ಹೇಳಿದ್ದರೂ ತಲೆಗೆ ಹೋಗಿರಲಿಲ್ಲ. ಆ ಮುಖಗಳನ್ನು ನೋಡಿದಾಗ ಹೋಯಿತು. ಒಬ್ಬಟ್ಟು ಹೆಚ್ಚಾದರೆ ಇವನು ಕರೆಂಟು ಯಾಕೆ ತೆಗೀತಾನೆ ಎಂದು ಮುಂದಿನ ಸಾಲಿನ ಹಿರಿಯರೊಬ್ಬರು ನಿಜವಾದ ಕಾಳಜಿಯಿಂದ ನನ್ನನ್ನೇ ನೋಡುತ್ತಿದ್ದರು. "ಕ್ಷಮಿಸಿ, ನಡುವೆ ಒಂದು ಜನರೇಟರ್ ಬಿಟ್ಟುಹೋಯಿತು" ಎಂದು ಹೇಳಿ ವಾಪಸು ತಿಪಟೂರಿಗೆ ಹೋದೆ. ಎರಡು ನಿಮಿಷದ ತಿರುವನ್ನು ಉಸಿರು ಬಿಡದೆ ಹೇಳತೊಡಗಿದೆ. ಭಟ್ಟರು ಬಗ್ಗಿದರು, ಕೆಂಪು ಹತ್ತಿತು, ಎದ್ದೆ, ಸ್ವಿಚ್ಚು ಆರಿಸಿದೆ. ಅಭಿನಯದ ರಭಸದಲ್ಲಿ ಕೈ ಬೀಸಿ ಹೋಗಿ ಗೋಡೆಯ ಮೇಲಿದ್ದ ನಿಜವಾದ ಸ್ವಿಚ್ಚಿಗೇ ಬಡಿಯಿತು. ಹಾಲಿನ ದೀಪಗಳೆಲ್ಲ ಆರಿಹೋದವು.

ಕತ್ತಲೆಯಲ್ಲಿ ಕಾಣುತ್ತಿದ್ದದ್ದು ಟೈಮರ್ ಅವರ ಕೆಂಪು ದೀಪ ಒಂದೇ. ಆ ದೀಪಕ್ಕೇ ನಮಸ್ಕಾರ ಮಾಡಿ, "ಭಟ್ರೇ, ಕೇಳಿಸ್ಲಿಲ್ಲ, ಏನಂದ್ರಿ?" ಅಂತ ಅರಚಿದೆ. ಯಾರೋ ದೀಪ ಹಾಕಿದರು. ಸಭೆ ಬಿದ್ದು ಬಿದ್ದು ನಗುತ್ತಿತ್ತು, ನಗುವಿನ ಒಂದೊಂದು ಸೆಕೆಂಡೂ ನನ್ನ ಲೆಕ್ಕಕ್ಕೆ ಜಮೆಯಾಗುತ್ತಿತ್ತು. ಊಟ ಆಯ್ತಾ ಎಂಬ ಮಾತಿಗೆ ಬರುವಾಗ ಏಳು ನಿಮಿಷ ದಾಟಿತ್ತು. ಪಾಠದ ಸಾಲನ್ನು ಆಗಲೇ ಖರ್ಚು ಮಾಡಿದ್ದರಿಂದ ಹೇಳಲು ಏನೂ ಉಳಿಯದೆ, "ಆಮೇಲೆ ಊಟ ಮಾಡಿದೆ" ಅಂತ ಹೇಳಿ ಕೂತೆ.

ವರದಿಗಳು ಬಂದವು. ಟೈಮರ್: ಸಮಯ ಮೀರಿದೆ, ಓಟಿಗೆ ಅರ್ಹತೆಯಿಲ್ಲ. ಆ-ಕೌಂಟರ್ ಎದ್ದು ನಿಂತು, ಹೂಂಗಳಲ್ಲಿ ಕಥೆಯವು ಎಷ್ಟು ಸ್ವಂತದವು ಎಷ್ಟು ಎಂದು ಬೇರ್ಪಡಿಸಲಾಗದೆ ಎಲ್ಲವನ್ನೂ ಮನ್ನಾ ಮಾಡಿದ್ದೇನೆ ಅಂದರು. ಸಹಕಾರಿ ಸಂಘದಲ್ಲಿ ಇಷ್ಟು ವರ್ಷ ದುಡಿದರೂ ಸಾಲಮನ್ನಾದ ಸುಖ ನನಗೆ ಸಿಕ್ಕಿದ್ದು ಅವತ್ತೇ. ಕೊನೆಗೆ ನನ್ನ ಭಾಷಣದ ಮೌಲ್ಯಮಾಪಕರು ಬಂದರು. ಮೊದಲು ಒಳ್ಳೆಯದು ಹೇಳಬೇಕೆಂಬುದು ಅಲ್ಲಿನ ವಾಡಿಕೆ, ಪಾಪ ಹುಡುಕಿ ಹೇಳಿದರು. ಊರು, ನೌಕರಿ, ತಂಗಿ ಎಲ್ಲ ಒಬ್ಬಟ್ಟಿನ ಹಿಂದೆಯೇ ತಿಳಿದವು, ಬೇರೆ ಪರಿಚಯ ಬೇಕಾಗಲಿಲ್ಲ ಅಂದರು. ಆಮೇಲೆ ಒಂದೇ ಸಲಹೆ: ಮೀಸೆ, ಚಾಪೆ, ಖಜಾಂಚಿಗೆ ಕೊಟ್ಟ ಸಮಯವನ್ನು ಜನರೇಟರ್ ಆರಿದ ಮೇಲಿನ ನಿಶ್ಶಬ್ದಕ್ಕೆ ಕೊಡಬೇಕಿತ್ತು, ಅಲ್ಲಿ ಎರಡು ಸೆಕೆಂಡು ನೀವೂ ಸುಮ್ಮನೆ ನಿಂತಿದ್ದರೆ ದೀಪ ಆರಿಸುವ ಅಗತ್ಯ ಬೀಳುತ್ತಿರಲಿಲ್ಲ.

ದೀಪ ಆರಿಸಿದ್ದು ಬೇಕೆಂದೇ ಮಾಡಿದ ಅಭಿನಯ ಎಂದು ಅವರು ನಂಬಿದ್ದರು. ನಾನು ತಿದ್ದಲು ಹೋಗಲಿಲ್ಲ.

ಸಭೆ ಮುಗಿದ ಮೇಲೆ ಸಭಿಕರೆಲ್ಲ ಚಿಕ್ಕ ಚಿಕ್ಕ ಚೀಟಿಗಳಲ್ಲಿ ಅನಿಸಿಕೆ ಬರೆದು ಕೊಡುತ್ತಾರೆ. ಮನೆಗೆ ಹೋಗುವ ಬಸ್ಸಿನಲ್ಲಿ ಆಸೆಯಿಂದ ಒಂದೊಂದೇ ಬಿಡಿಸಿದೆ. "ಧ್ವನಿ ಸ್ಪಷ್ಟ." "ಕಣ್ಣು ನೋಡಿ ಮಾತಾಡಿ." "ದೀಪದ ಐಡಿಯಾ ಸೂಪರ್." ಉಳಿದ ಚೀಟಿಗಳಲ್ಲೆಲ್ಲ, ಬೇರೆ ಬೇರೆ ಕೈಬರಹದಲ್ಲಿ, ಒಂದೇ ಮಾತು: ಭಟ್ಟರ ನಂಬರ್ ಕಳಿಸಿ. ಮೇಡಂ ಅವರ ಚೀಟಿಯೂ ಅದರಲ್ಲಿತ್ತು. ಮೊಮ್ಮಗನ ಉಪನಯನ ಅಂತ ದಿನಾಂಕ ಬರೆದು, ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದರು: ಎಷ್ಟು ಒಬ್ಬಟ್ಟು ಅಂತ ಭಟ್ಟರ ಹತ್ತಿರ ನಾನೇ ಮಾತಾಡ್ತೀನಿ, ನೀನು ಬರೀ ನಂಬರ್ ಕೊಡು.